ಎಲ್ಲರಿಗೂ ಗೊತ್ತಿರುವ ಹೆಸರು

ಬೋರ್ಡು ದೊಡ್ಡದೇನಲ್ಲ. ಒಂದು ಮೊಳ ಎತ್ತರ, ಎರಡು ಮೊಳ ಉದ್ದ. ನೋಂದಣಿ ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇದೆಯಲ್ಲ, ಅದರ ಮಹಡಿಗೆ ಹತ್ತುವ ಮೆಟ್ಟಿಲ ಪಕ್ಕ, ವಿಮೆ ಏಜೆಂಟನ ಬೋರ್ಡಿಗೂ ಹೊಲಿಗೆ ಕ್ಲಾಸಿನ ಬೋರ್ಡಿಗೂ ನಡುವೆ ಅದನ್ನು ಹೊಡೆದಿದ್ದರು. ಮೊಳೆ ಹೊಡೆದಾಗ ಉದುರಿದ ಗಾರೆಯ ಪುಡಿ ಇನ್ನೂ ಮೆಟ್ಟಿಲ ಮೇಲೆ ಬಿದ್ದಿತ್ತು. ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಓದಿದೆ.

ಬಾವಿಮನೆ ಧರ್ಮಾರ್ಥ ಟ್ರಸ್ಟ್. ನೋಂದಾಯಿತ.

ಮೊದಲು ಖುಷಿಯೇ ಆಯಿತು. ಅಂತೂ ದೊಡ್ಡಕ್ಕನಿಗೆ ಒಂದು ಬೋರ್ಡು ಹಾಕಿಸುವ ಬುದ್ಧಿ ಬಂತಲ್ಲ ಅಂದುಕೊಂಡೆ. ಬಾವಿಮನೆ ಅಂದರೆ ಯಾರೂ ದಿಕ್ಕಿಲ್ಲದ ಹೆಂಗಸರು ಇರುವ ಜಾಗ. ದೊಡ್ಡಕ್ಕ ಅದನ್ನು ನೋಡಿಕೊಳ್ಳುವವಳು. ಅಂಗಳದಲ್ಲಿ ಒಂದು ಹಳೇ ಬಾವಿ ಇರುವುದರಿಂದ ಆ ಹೆಸರು. ನನ್ನ ಒಡಹುಟ್ಟಿದ ಅಕ್ಕ ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾಳೆ. ಅವಳಿಗೆ ಮಾತಿಲ್ಲ, ಲೋಕದ ವ್ಯವಹಾರವೂ ತಿಳಿಯದು. ಅವಳನ್ನು ನನ್ನ ಮನೆಯಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ಕೇಳಬೇಡಿ. ಕೇಳಿದವರಿಗೆಲ್ಲ ಬೈದಿದ್ದೇನೆ.

"ದೊಡ್ಡಕ್ಕ ಬಂದಿದ್ಲಾ ಇಲ್ಲಿ?" ಅಂತ ಜೆರಾಕ್ಸಿನವನನ್ನು ಕೇಳಿದೆ.

"ಯಾವ ದೊಡ್ಡಕ್ಕ? ರೂಮು ತಗೊಂಡಿರೋದು ಸಣ್ಣ ಯಜಮಾನ. ಕನ್ನಡಕದ ಯಜಮಾನರ ತಮ್ಮನ ಮಗ. ನಾಲ್ಕು ತಿಂಗಳಾಯ್ತು ಟ್ರಸ್ಟ್ ರಿಜಿಸ್ಟರ್ ಆಗಿ. ಅವನೂ ಅವನ ಭಾವಮೈದನೂ ಟ್ರಸ್ಟಿಗಳು. ಪತ್ರದ ಕಾಪಿ ನಾನೇ ತೆಗೆದುಕೊಟ್ಟೆ. ಯಾಕೆ ಪಟಾಕಿ, ನಿನಗೆ ಹೇಳ್ಲಿಲ್ವಾ?"

ಪಟಾಕಿ ಅಂದರೆ ನಾನು. ಸಿಟ್ಟು ಬೇಗ ಬರುತ್ತದೆ ಅಂತ ಈ ಕಟ್ಟೆಯವರು ಇಟ್ಟ ಹೆಸರು. ಇಪ್ಪತ್ತೇಳು ವರ್ಷದಿಂದ ನೋಂದಣಿ ಕಚೇರಿಯ ಮುಂದೆ ಕೂತು ಪತ್ರ ಬರೆದುಕೊಡುತ್ತಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ವಿಲ್ಲು. ಮೊದಲು ಕೈಯಲ್ಲಿ, ಆಮೇಲೆ ಟೈಪ್ ಮಿಷನ್ನಿನಲ್ಲಿ, ಈಗ ಕಂಪ್ಯೂಟರಿನಲ್ಲಿ.

ಆ ದಿನ ನನಗೆ ಸಿಟ್ಟು ಬರಲಿಲ್ಲ. ಬೋರ್ಡನ್ನು ಇನ್ನೊಮ್ಮೆ ಓದಿದೆ. ಯಾಕೆಂದರೆ ಆ ಬೋರ್ಡಿನ ಮೇಲಿದ್ದ ಮೂರು ಪದಗಳನ್ನು ಜೋಡಿಸಿ ಹೆಸರು ಮಾಡಿದವನು ನಾನು. ಹಾಗೆ ಒಟ್ಟಿಗೆ ಅವು ಜಗತ್ತಿನಲ್ಲಿ ಬೇರೆ ಎಲ್ಲೂ ಇರಲಿಲ್ಲ. ನಾನು ಬರೆದ ಒಂದೇ ಒಂದು ಕಾಗದದಲ್ಲಿದ್ದವು.

ಆರು ವರ್ಷದ ಹಿಂದೆ ಕನ್ನಡಕದ ಯಜಮಾನರು ನನ್ನ ಮೇಜಿಗೆ ಬಂದಿದ್ದರು. ಪೇಟೆಯ ಮೂಲೆಯಲ್ಲಿ ಅವರದು ಕನ್ನಡಕದ ಅಂಗಡಿ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದರು. ಹೆಂಡತಿಯ ತಂಗಿಯೊಬ್ಬಳು ಬಾವಿಮನೆಯಲ್ಲಿ ಕಣ್ಣು ಮುಚ್ಚಿದ್ದಳು. ಅವಳಿದ್ದಾಗಲೇ ಬಾವಿಮನೆಯವರನ್ನು ಬಾಡಿಗೆ ಮನೆಯಿಂದ ಎಬ್ಬಿಸುವ ಮಾತು ಬಂದು, ಯಜಮಾನರು ಆ ಕಟ್ಟಡವನ್ನೇ ಕೊಂಡು, ಇರಿ ಅಂದಿದ್ದರು. ಬಾಡಿಗೆಯಿಲ್ಲ, ಕರಾರಿಲ್ಲ, ಒಂದು ಚೀಟಿಯೂ ಇಲ್ಲ. ಬಾಯಿಮಾತು.

"ನಾನು ಹೋದ ಮೇಲೆ ಆ ಮನೆ ಬಾವಿಮನೆಗೆ ಅಂತ ಬರಿಯಯ್ಯ," ಅಂದರು.

"ಬಾವಿಮನೆಗೆ ಅಂದ್ರೆ ಯಾರಿಗೆ ಯಜಮಾನ್ರೇ? ಅದಕ್ಕೊಂದು ಹೆಸರು ಅಂತ ಇರುತ್ತಲ್ಲ."

"ಎಲ್ರಿಗೂ ಗೊತ್ತಲ್ಲಯ್ಯ ಬಾವಿಮನೆ ಅಂದ್ರೆ. ಆಟೋದವನನ್ನ ಕೇಳು, ಪೋಸ್ಟಿನವನನ್ನ ಕೇಳು. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ತಪ್ಪಾದದ್ದು. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಜಮೀನಿಗೋ ಮನೆಗೋ ಚಕ್ಕುಬಂದಿ ಬರೆಯುವಾಗ, ಪೂರ್ವಕ್ಕೆ ದರ್ಜಿಯ ಮನೆ, ಪಶ್ಚಿಮಕ್ಕೆ ಹುಣಸೆಮರದ ಓಣಿ, ಉತ್ತರಕ್ಕೆ ಕುಂಟನ ಗಿರಣಿ ಅಂತ ಜನ ಕರೆಯುವ ಹೆಸರನ್ನೇ ಬರೆಯುತ್ತೇವೆ. ಗಿರಣಿ ಯಾರ ಹೆಸರಿನಲ್ಲಿದೆ ಅಂತ ಹುಡುಕುವುದಿಲ್ಲ. ನಾಳೆ ಬಂದು ನೋಡುವವನಿಗೆ ಗುರುತು ಹತ್ತಿದರೆ ಸಾಕು. ಚಕ್ಕುಬಂದಿಗೆ ಅದು ಸಾಕು, ಯಾಕೆಂದರೆ ಗಿರಣಿಗೆ ನಾವೇನೂ ಕೊಡುತ್ತಿಲ್ಲ. ಅದು ಬರೀ ಗುರುತು. ವಿಲ್ಲಿನಲ್ಲಿ ಆಸ್ತಿ ತೆಗೆದುಕೊಳ್ಳುವವನು ಗುರುತಲ್ಲ, ಕೈ ಚಾಚಿ ತೆಗೆದುಕೊಳ್ಳುವ ವ್ಯಕ್ತಿ. ಮನುಷ್ಯನಾದರೆ ಅಪ್ಪನ ಹೆಸರು, ವಯಸ್ಸು, ವಿಳಾಸ ಬರೆಯುತ್ತೇನೆ. ಟ್ರಸ್ಟಿಗೂ ಹಾಗೇ ಬರೆಯಬೇಕು. ಪತ್ರದಲ್ಲಿರುವ ಪೂರಾ ಹೆಸರು, ನೋಂದಣಿ ಸಂಖ್ಯೆ, ತಾರೀಕು, ವಿಳಾಸ, ಆ ಹೊತ್ತಿಗೆ ಇರುವ ಟ್ರಸ್ಟಿಗಳಿಗೆ ಸೇರತಕ್ಕದ್ದು ಅನ್ನುವ ಮಾತು, ಟ್ರಸ್ಟ್ ಮುಚ್ಚಿಹೋಗಿದ್ದರೆ ಯಾರಿಗೆ ಅನ್ನುವ ಮಾತು. ಇದೆಲ್ಲ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಬಾವಿಮನೆ ನನ್ನ ಅಕ್ಕ ಇರುವ ಜಾಗ, ಅದನ್ನು ನನಗೆ ಯಾರು ಹೇಳಿಕೊಡಬೇಕು ಅನ್ನುವ ಕೊಬ್ಬು.

ಬರೀ ಬಾವಿಮನೆ ಅಂತ ಬರೆದರೆ ತೂಕವಿರುವುದಿಲ್ಲ ಅನ್ನಿಸಿ ಮುಂದೆ ಧರ್ಮಾರ್ಥ ಟ್ರಸ್ಟ್ ಅಂತ ನಾನೇ ಸೇರಿಸಿದೆ. ಎಲ್ಲೂ ನೋಡಿ ಬರೆದದ್ದಲ್ಲ, ನನ್ನ ತಲೆಯಿಂದ ತೆಗೆದು ಹಾಕಿದ್ದು. ಮನೆಯ ಉದ್ದ ಅಗಲ ಮಾತ್ರ ಅಂಗುಲ ಸಮೇತ ಬರೆದೆ. ಯಜಮಾನರು ತಮ್ಮ ಅಂಗಡಿಯದೇ ಚಿನ್ನದ ಕಡ್ಡಿಯ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಚೆನ್ನಾಗಿದೆ ಅಂದರು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದರು. ವಿಲ್ ಜಾರಿಗೆ ತರುವ ಹೊಣೆ ಯಾರಿಗೆ ಅಂದಾಗ, ತಮ್ಮನ ಮಗನಿಗೆ ಅಂದರು.

ಆ ತಮ್ಮನ ಮಗ ಹೋದ ವರ್ಷ ನನ್ನ ಹತ್ತಿರ ಬಂದಿದ್ದ. ಬಿಳೀ ಅಂಗಿ, ಮೆತ್ತನೆ ದನಿ. ಯಾರ ಮೇಲೂ ಅವನು ದನಿ ಏರಿಸಿದ್ದು ನಾನು ಕೇಳಿಲ್ಲ. "ರೈಟರೇ, ದೊಡ್ಡಪ್ಪನ ವಿಲ್ಲಿಂದು ಒಂದು ಕಾಪಿ ಬೇಕಿತ್ತು. ಅವ್ರಿಗೆ ಮರೆವು ಜಾಸ್ತಿ ಆಗಿದೆ. ನಾನೇ ನೋಡ್ಕೋಬೇಕಲ್ಲ ಮುಂದೆ," ಅಂದ. ನನ್ನ ಕಂಪ್ಯೂಟರಿನಲ್ಲಿತ್ತು. ಯಜಮಾನರನ್ನು ಒಂದು ಮಾತು ಕೇಳಲಿಲ್ಲ. ಗುಂಡಿ ಒತ್ತಿ ಕೊಟ್ಟುಬಿಟ್ಟೆ. ಕಾಗದ ಇನ್ನೂ ಬಿಸಿಯಿತ್ತು. ಅವನು ಅಲ್ಲೇ ನಿಂತು ಓದಿದ. ಒಂದು ಕಡೆ ಬೆರಳಿಟ್ಟು, "ಇದು ಅವ್ರ ರಿಜಿಸ್ಟರ್ ಆಗಿರೋ ಹೆಸರೇನಾ?" ಅಂತ ಕೇಳಿದ.

"ಎಲ್ರಿಗೂ ಗೊತ್ತಿರೋ ಹೆಸರು," ಅಂದೆ.

"ಹೌದೌದು," ಅಂದ. ನಕ್ಕ. ಆ ನಗು ನನಗೆ ಈಗ ಕಾಣುತ್ತದೆ.

ಟೀ ಚೆಲ್ಲಿ ಬಾವಿಮನೆಗೆ ಓಡಿದೆ.

ಗೇಟಿನ ಒಳಗೆ ಅಕ್ಕ ಎಂದಿನ ಹಾಗೆ ಬಾವಿಯ ಸುತ್ತ ನಡೆಯುತ್ತಿದ್ದಳು. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಪ್ರತಿ ಸುತ್ತಿಗೂ ಜಾಲರಿಯ ಒಂದೇ ಸರಳನ್ನು ಮುಟ್ಟುತ್ತಾಳೆ. ಆ ಸರಳು ನುಣುಪಾಗಿ ಹೊಳೆಯುತ್ತದೆ. ಊಟಕ್ಕೆ ಕರೆದರೂ ಅದನ್ನು ಮುಟ್ಟದೆ ಬರುವುದಿಲ್ಲ. ಒಮ್ಮೆ ಜಾಲರಿಗೆ ಬಣ್ಣ ಬಳಿಯುವಾಗ ಎರಡು ದಿನ ಅವಳನ್ನು ಒಳಗಿಟ್ಟಿದ್ದರಂತೆ. ಅನ್ನ ನೀರು ಬಿಟ್ಟು ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ನನ್ನ ಚಪ್ಪಲಿಯ ಸದ್ದು ಕೇಳಿ ನಿಂತಳು. ಮುಖ ನೋಡುವುದಿಲ್ಲ, ಚಪ್ಪಲಿ ನೋಡುತ್ತಾಳೆ.

ದೊಡ್ಡಕ್ಕ ಬಟ್ಟೆ ಒಣಹಾಕುತ್ತಿದ್ದಳು. ಕೆಳಗೆ ಹದಿನಾಲ್ಕು ಹೆಂಗಸರ ಒದ್ದೆ ಬಟ್ಟೆ ಬಕೆಟ್ಟಿನಲ್ಲಿತ್ತು.

"ದೊಡ್ಡಕ್ಕ, ನಿಮ್ಮ ಟ್ರಸ್ಟಿನ ಹೆಸರೇನು?"

"ಇದೇನೋ ಹೊಸ ಪ್ರಶ್ನೆ! ಬಾವಿಮನೆ."

"ಅದಲ್ಲ. ಕಾಗದದಲ್ಲಿರೋದು."

"ಉದ್ದದ್ದು ಏನೋ ಇದೆಯಪ್ಪ. ನಾನು ಅದಕ್ಕೆ ಟ್ರಸ್ಟಿ ಅಂತೆ. ಸಹಿ ಹಾಕು ಅಂದಲ್ಲಿ ಹಾಕ್ತೀನಿ. ಯಾಕೆ, ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀಯ? ಯಾರ ಜೊತೆ ಹೊಡೆದಾಡ್ಕೊಂಡು ಬಂದೆ?"

ಹೇಳಿದೆ. ಅವಳು ಕೈಯಲ್ಲಿದ್ದ ಲಂಗವನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರಿಲ್ಲದಿದ್ದರೂ. ಆಮೇಲೆ ಒಳಗೆ ಹೋಗಿ ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆ ಎಳೆದಳು. ಹಳೇ ಔಷಧಿ ಚೀಟಿಗಳು, ತೀರಿಹೋದವರ ಫೋಟೋಗಳು. ಎಲ್ಲದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಟ್ರಸ್ಟ್ ಪತ್ರ. ನಿರಾಶ್ರಿತ ಸ್ತ್ರೀ ಪಾಲನಾ ಟ್ರಸ್ಟ್. ಮೂವತ್ತೆಂಟು ವರ್ಷದ ಹಿಂದಿನ ನೋಂದಣಿ. ಹನ್ನೆರಡು ಪುಟದಲ್ಲಿ ಎಲ್ಲೂ ಬಾವಿಮನೆ ಅನ್ನುವ ಪದ ಇಲ್ಲ. ಹೇಗೆ ಇದ್ದೀತು? ಟ್ರಸ್ಟ್ ಹುಟ್ಟಿದಾಗ ಅವರು ಈ ಬಾವಿಯ ಮನೆಯಲ್ಲಿರಲೇ ಇಲ್ಲ. ರಸೀದಿ ಪುಸ್ತಕದ ಮೇಲೂ ಅದೇ ಉದ್ದದ ಹೆಸರು ಸಣ್ಣಕ್ಷರದಲ್ಲಿತ್ತು. ಆ ರಸೀದಿ ನನ್ನ ಮನೆಯಲ್ಲೇ ಹತ್ತಾರು ಬಿದ್ದಿವೆ. ಒಂದು ದಿನ ಓದಿದವನಲ್ಲ.

"ಈಗ ಏನು ಮಾಡೋದು?" ಅಂದಳು ದೊಡ್ಡಕ್ಕ.

"ಯಜಮಾನ್ರು ಇದ್ದಾರಲ್ಲ. ಹೊಸ ವಿಲ್ ಬರೆದು ಸಹಿ ಹಾಕಿಸಿದ್ರೆ ಮುಗೀತು. ಹಳೇದು ರದ್ದು."

"ಅವ್ರು ನರ್ಸಿಂಗ್ ಹೋಮಿನಲ್ಲಿದ್ದಾರೆ ಕಣೋ. ಮೊನ್ನೆಯಿಂದ. ಎದೆಯಲ್ಲಿ ನೀರು ತುಂಬಿದೆಯಂತೆ."

ನನಗೆ ಯಾರೂ ಹೇಳಿರಲಿಲ್ಲ. ಬೋರ್ಡು ಇವತ್ತೇ ಯಾಕೆ ಏರಿತು ಅನ್ನುವುದು ಆಗ ಅರ್ಥವಾಯಿತು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ವಿಲ್ ನನ್ನ ಚೀಲದಲ್ಲಿತ್ತು. ಜೀವಮಾನದಲ್ಲಿ ಅಷ್ಟು ಚೊಕ್ಕವಾಗಿ ಒಂದು ಪತ್ರ ಬರೆದಿರಲಿಲ್ಲ. ಟ್ರಸ್ಟಿನ ಹೆಸರು, ಸಂಖ್ಯೆ, ತಾರೀಕು, ಜನರು ಇದನ್ನು ಬಾವಿಮನೆ ಎಂದು ಕರೆಯುತ್ತಾರೆ ಎಂಬ ಮಾತು, ಸದರಿ ಮನೆಯಲ್ಲಿ ಈಗ ಹದಿನಾಲ್ಕು ಸ್ತ್ರೀಯರು ವಾಸವಿದ್ದಾರೆ ಎಂಬ ಮಾತು, ಬೇರೆ ಯಾವ ಸಂಸ್ಥೆಯೂ ಇದೇ ಹೆಸರು ಹೇಳಿಕೊಂಡು ಬಂದರೆ ಅದಕ್ಕೆ ಹಕ್ಕಿಲ್ಲ ಎಂಬ ಮಾತು. ಸಾಕ್ಷಿಗೆ ಜೆರಾಕ್ಸಿನವನನ್ನು ಎಳೆದುಕೊಂಡು ಹೋದೆ. ಇನ್ನೊಬ್ಬ ಸಾಕ್ಷಿ ನಾನೇ. ಬರೆದವನು ಸಾಕ್ಷಿಯಾಗಬಾರದು ಅಂತೇನಿಲ್ಲ. ಯಜಮಾನರು ನಮ್ಮಿಬ್ಬರ ಕಣ್ಣೆದುರು ಸಹಿ ಹಾಕಬೇಕು, ಏನಕ್ಕೆ ಹಾಕುತ್ತಿದ್ದೇನೆ ಅಂತ ಅವರಿಗೆ ತಿಳಿದಿರಬೇಕು. ಅಷ್ಟೇ ಬೇಕಾದದ್ದು.

ಎರಡನೇ ಮಹಡಿಯ ಕೊನೆಯ ಕೋಣೆ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಸಣ್ಣ ಯಜಮಾನ ಕೂತಿದ್ದ. ತೊಡೆಯ ಮೇಲೆ ಒಂದು ಕನ್ನಡಕದ ಡಬ್ಬಿ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಜಮಾನರು ದಿಂಬಿಗೆ ಒರಗಿ ಕೂತಿದ್ದು ಕಾಣುತ್ತಿತ್ತು. ಎಚ್ಚರವಾಗಿದ್ದರು. ಮೂಗಿಗೆ ನಳಿಕೆ ಇತ್ತು, ಕಣ್ಣಿಗೆ ಕನ್ನಡಕವಿರಲಿಲ್ಲ. ಅವರನ್ನು ಕನ್ನಡಕವಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಚಿಪ್ಪಿಲ್ಲದ ಆಮೆಯ ಹಾಗೆ ಕಂಡರು.

"ಬನ್ನಿ ರೈಟರೇ," ಅಂತ ಎದ್ದು ನಿಂತ. ಬಾಗಿಲಿಗೆ ಅಡ್ಡ ನಿಂತ. "ಡಾಕ್ಟ್ರು ಯಾರನ್ನೂ ಬಿಡಬೇಡಿ ಅಂದಿದ್ದಾರೆ."

"ಎರಡು ನಿಮಿಷ. ಒಂದು ಸಹಿ."

"ಏನಕ್ಕೆ?"

"ಅದು ಅವ್ರಿಗೂ ನನಗೂ ಬಿಟ್ಟಿದ್ದು."

"ಅವ್ರ ಕನ್ನಡಕ ಒಡೆದುಹೋಗಬಾರ್ದು ಅಂತ ನಾನು ಇಟ್ಕೊಂಡಿದ್ದೀನಿ. ಓದೋಕೆ ಆಗಲ್ಲ. ಓದದೆ ಸಹಿ ಹಾಕಿಸ್ತೀರಾ?" ದನಿ ಒಂದಿಷ್ಟೂ ಏರಲಿಲ್ಲ. "ನಿಮ್ಮಕ್ಕ ಅಲ್ಲೇ ಇದ್ದಾರಲ್ವಾ? ಹಂಗಾಗಿ ನಿಮಗೆ ಚಿಂತೆ. ಅರ್ಥ ಆಗುತ್ತೆ. ಮನೇಲಿ ಇಟ್ಕೊಳ್ಳೋಕೆ ಆಗದೇ ಇದ್ದವ್ರಿಗೆ ಚಿಂತೆ ಜಾಸ್ತಿ ಇರುತ್ತೆ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೆಳಗೆ ಹೋಗಿ ಡಾಕ್ಟರನ್ನು ಕೇಳಬೇಕಿತ್ತು. ಡಾಕ್ಟರು ಒಳ್ಳೆಯವರು, ಬಿಡುತ್ತಿದ್ದರು. ನಾನು ಮಾಡಿದ್ದು ಬೇರೆ. ಅವನ ಅಂಗಿಯ ಕತ್ತುಪಟ್ಟಿ ಹಿಡಿದೆ.

"ಕಳ್ಳ ನನ್ ಮಗನೆ! ಹದಿನಾಲ್ಕು ಹೆಂಗಸ್ರ ಸೂರು ಕಿತ್ಕೊಳ್ಳೋಕೆ ಬೋರ್ಡ್ ಹಾಕ್ತೀಯೇನೋ? ಹೆಸರು ಕದಿಯೋ ನೀಚ!"

ಕೂಗಿದ ರಭಸಕ್ಕೆ ಪಕ್ಕದ ಕೋಣೆಗಳಿಂದ ತಲೆಗಳು ಹೊರಬಂದವು. ಅವನು ಕೈ ಎತ್ತಲಿಲ್ಲ. ತಪ್ಪಿಸಿಕೊಳ್ಳಲೂ ಇಲ್ಲ. ನನ್ನ ಹಿಂದೆ ಯಾರು ನೋಡುತ್ತಿದ್ದಾರೆ ಅಂತ ಸಾವಧಾನವಾಗಿ ನೋಡುತ್ತಿದ್ದ. ಜೆರಾಕ್ಸಿನವನು, "ಬಿಡೋ ಪಟಾಕಿ, ಬಿಡೋ," ಅಂತ ಸೊಂಟ ಹಿಡಿದು ಎಳೆಯುತ್ತಿದ್ದ.

ಆಗ ಒಳಗಿನಿಂದ ಯಜಮಾನರ ದನಿ ಬಂತು. ಸಣ್ಣ ದನಿ. "ಯಾರದು? ನಮ್ಮ ಪಟಾಕಿನಾ? ಒಳಗೆ ಬಿಡೋ ಅವನ್ನ."

ಸಣ್ಣ ಯಜಮಾನ ಹಿಂದಕ್ಕೆ ಕೈ ಚಾಚಿ ಬಾಗಿಲು ಎಳೆದುಕೊಂಡ. ಅಷ್ಟರಲ್ಲಿ ಕಾವಲಿನವರಿಬ್ಬರು ಬಂದು ನನ್ನ ರಟ್ಟೆ ಹಿಡಿದರು. ಮೆಟ್ಟಿಲಿಳಿಸಿ, ಗೇಟಿನ ಹೊರಗೆ ಬಿಟ್ಟು, ಇನ್ನೊಂದು ಸಲ ಬಂದರೆ ಪೊಲೀಸರನ್ನು ಕರೆಯುತ್ತೇವೆ ಅಂದರು.

"ಬಾಯಿ ಅಂದ್ರೆ ಬಾಯಿ ನಿಂದು," ಅಂದ ಜೆರಾಕ್ಸಿನವನು. ನನಗೆ ಬೇರೆ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

ಡಾಕ್ಟರ ಮನೆಗೆ ಹೋದೆ, ಇರಲಿಲ್ಲ. ಅವರ ಇನ್ನೊಂದು ಕ್ಲಿನಿಕ್ಕಿಗೆ ಹೋಗಿ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತೆ. ಮೂರು ಗಂಟೆಗೆ ಒಳಗೆ ಕರೆದರು. ಎಲ್ಲಾ ಕೇಳಿ, ಫೋನು ಮಾಡಿ, ಇವರನ್ನು ಒಳಗೆ ಬಿಡಿ ಅಂದರು. ಜೆರಾಕ್ಸಿನವನನ್ನು ಕರೆದಾಗ ಬರಲಿ ಅಂತ ಕೆಳಗೆ ನಿಲ್ಲಿಸಿ, ನಾನು ಮತ್ತೆ ಆ ಮಹಡಿ ಹತ್ತಿದಾಗ ನಾಲ್ಕೂವರೆ.

ಈಗ ಬಾಗಿಲು ಪೂರಾ ತೆರೆದಿತ್ತು. ಸಣ್ಣ ಯಜಮಾನ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅದನ್ನು ನೋಡಿಯೇ ನನಗೆ ಗೊತ್ತಾಯಿತು.

ಯಜಮಾನರು ಅಂಗಾತ ಮಲಗಿದ್ದರು. ಬಾಯಿಗೆ ಮುಖವಾಡದಂಥದ್ದು ಕಟ್ಟಿದ್ದರು, ಅದು ಬುಸ್ ಬುಸ್ ಅನ್ನುತ್ತಿತ್ತು. ನರ್ಸಮ್ಮ ಚಾರ್ಟಿನಲ್ಲಿ ಏನೋ ಬರೆಯುತ್ತಿದ್ದಳು.

"ಬೆಳಿಗ್ಗೆ ಕೂಗಾಡಿದ್ದು ನೀವೇನಾ?" ಅಂದಳು. "ಮಧ್ಯಾಹ್ನ ಒಂದು ಗಂಟೆವರೆಗೂ ನಿಮ್ಮನ್ನೇ ಕೇಳ್ತಿದ್ರು. ಆಮೇಲೆ ಪ್ರಜ್ಞೆ ತಪ್ತು."

"ಮತ್ತೆ ಬರುತ್ತಾ?"

ಅವಳು ಚಾರ್ಟು ಮುಚ್ಚಿ ಹೊರಗೆ ಹೋದಳು.

ಕೋಣೆಯಲ್ಲಿ ನಾವು ಮೂವರು. ಯಜಮಾನರ ಬಲಗೈ ಹೊದಿಕೆಯ ಹೊರಗೆ, ಅಂಗೈ ಮೇಲಾಗಿ ಬಿದ್ದಿತ್ತು. ಹೆಬ್ಬೆರಳು ನನ್ನ ಕಡೆಗಿತ್ತು. ನನ್ನ ಚೀಲದಲ್ಲಿ ವಿಲ್ ಇತ್ತು, ಇಂಕ್ ಪ್ಯಾಡೂ ಇತ್ತು. ನಮ್ಮ ಕಸುಬಿನವನ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ಒಂದು ಒತ್ತು. ಇದು ಅವರ ಇಷ್ಟವೇ ಅಲ್ಲವೇ? ಅವರು ಬಾಯಿಬಿಟ್ಟು ನನ್ನನ್ನು ಕರೆದದ್ದು ನಿಜವಲ್ಲವೇ? ಬಾವಿಯ ಸುತ್ತ ತಿರುಗುವ ಅಕ್ಕನ ಕಾಲು ಕಣ್ಣಿಗೆ ಬಂತು.

ಹಿಂದಿನಿಂದ ಸಣ್ಣ ಯಜಮಾನ ಹೇಳಿದ. "ಇಂಕ್ ಪ್ಯಾಡ್ ತಂದಿದ್ದೀರಾ ರೈಟರೇ? ಬೇಕಾದ್ರೆ ನಾನು ಹೊರಗೆ ನಿಂತ್ಕೋತೀನಿ."

ತಿರುಗಿ ನೋಡಿದೆ. ಅವನ ಕೈಯಲ್ಲಿ ಫೋನಿತ್ತು. ಎದೆಯ ಮಟ್ಟಕ್ಕೆ ಹಿಡಿದಿದ್ದ. ಅದರ ಹಿಂದಿನ ಕಣ್ಣು ನನ್ನ ಕಡೆಗಿತ್ತು.

ಪ್ರಜ್ಞೆಯಿಲ್ಲದವನ ಹೆಬ್ಬೆಟ್ಟು ವಿಲ್ ಅಲ್ಲ, ಕಳ್ಳತನ. ಇಪ್ಪತ್ತೇಳು ವರ್ಷದಲ್ಲಿ ಅದೊಂದನ್ನು ನಾನು ಮಾಡಿರಲಿಲ್ಲ. ಆ ಫೋನು ಇಲ್ಲದಿದ್ದರೂ ಮಾಡುತ್ತಿರಲಿಲ್ಲ ಅಂತ ಹೇಳಿಕೊಳ್ಳಲು ನನಗೆ ಆಸೆ. ಖಾತ್ರಿಯಿಲ್ಲ. ಯಜಮಾನರ ಕೈಯನ್ನು ಹೊದಿಕೆಯ ಒಳಗೆ ಸೇರಿಸಿ ಹೊರಗೆ ಬಂದೆ.

ಮೂರನೆಯ ದಿನ ಅವರು ಹೋದರು.

ಹದಿನೈದು ದಿನಕ್ಕೆ ದೊಡ್ಡಕ್ಕನಿಗೆ ವಕೀಲರ ನೋಟೀಸು ಬಂತು. ಮೃತರ ವಿಲ್ಲಿನಂತೆ ಸದರಿ ಮನೆ ಬಾವಿಮನೆ ಧರ್ಮಾರ್ಥ ಟ್ರಸ್ಟಿಗೆ ಸೇರುತ್ತದೆ, ವಿಲ್ ಜಾರಿ ಮಾಡುವವರು ಅದನ್ನು ಸದರಿ ಟ್ರಸ್ಟಿಗೆ ಒಪ್ಪಿಸಬೇಕಾಗಿದೆ, ಹಕ್ಕಿಲ್ಲದೆ ವಾಸವಿರುವವರು ಮೂವತ್ತು ದಿನದೊಳಗೆ ಖಾಲಿ ಮಾಡತಕ್ಕದ್ದು. ಕೊಡುವವನೂ ಅವನೇ, ತೆಗೆದುಕೊಳ್ಳುವವನೂ ಅವನೇ.

ನಮ್ಮ ಕಡೆಯ ವಕೀಲಮ್ಮ ವಿಲ್ಲನ್ನೂ ದೊಡ್ಡಕ್ಕನ ಟ್ರಸ್ಟ್ ಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದಳು. ದೊಡ್ಡಕ್ಕ ನೆಲ ನೋಡುತ್ತಾ ಕೂತಿದ್ದಳು.

"ಬಾಗಿಲು ಪೂರ್ತಿ ಮುಚ್ಚಿಲ್ಲ," ಅಂದಳು ವಕೀಲಮ್ಮ. "ಹೆಸರು ತಪ್ಪಾಗಿ ಬರೆದ ಮಾತ್ರಕ್ಕೆ ಕೊಟ್ಟದ್ದು ಬಿದ್ದುಹೋಗಲ್ಲ. ಬರೆಸಿದವ್ರ ಮನಸ್ಸಿನಲ್ಲಿ ಯಾರಿದ್ರು ಅಂತ ಕೋರ್ಟು ನೋಡುತ್ತೆ. ವಿಲ್ ಆದಾಗ ಇವನ ಟ್ರಸ್ಟ್ ಹುಟ್ಟೇ ಇರ್ಲಿಲ್ಲ. ಹುಟ್ಟದೇ ಇರೋದಕ್ಕೆ ಯಾರು ಮನೆ ಬರೀತಾರೆ? ಆದ್ರೆ ಅವ್ರು ಹೇಳೋದು ಹೀಗೆ: ಹೆಸರು ಅಕ್ಷರಕ್ಕಕ್ಷರ ನಮ್ಮದು, ಅಂಥ ಟ್ರಸ್ಟ್ ಮಾಡಿಸ್ಬೇಕು ಅನ್ನೋದೇ ದೊಡ್ಡಪ್ಪನ ಆಸೆ, ನಮಗೆ ಬಾಯಲ್ಲಿ ಹೇಳಿದ್ರು ಅಂತ. ನಿಮ್ಮ ವಿಲ್ಲಿನಲ್ಲಿ ವಿಳಾಸ ಇಲ್ಲ, ನಂಬರಿಲ್ಲ, ಅಲ್ಲಿ ಇರೋ ಹೆಂಗಸ್ರ ಸುದ್ದಿ ಒಂದಕ್ಷರ ಇಲ್ಲ. ಮನೆ ಅಳತೆ ಮಾತ್ರ ಅಂಗುಲ ಸಮೇತ ಇದೆ." ನನ್ನ ಮುಖ ನೋಡಿದಳು. "ಇಷ್ಟು ವರ್ಷದ ಅನುಭವದವ್ರು ನೀವು."

ಬೇರೆ ದಿನವಾಗಿದ್ದರೆ ಮೇಜು ಗುದ್ದುತ್ತಿದ್ದೆ.

"ಸಾಕ್ಷಿಗಳಿಬ್ಬರಲ್ಲಿ ಒಬ್ರು ತೀರಿಕೊಂಡಿದ್ದಾರೆ," ಅಂದಳು. "ಇನ್ನೊಬ್ರು ಸಹಿ ನೋಡಿದೆ, ಒಳಗಿನದು ಗೊತ್ತಿಲ್ಲ ಅಂತಾರೆ. ಸಾಕ್ಷಿಗೆ ಒಳಗಿನದು ಗೊತ್ತಿರಬೇಕಾಗೂ ಇಲ್ಲ. ಆ ಹೆಸರು ಎಲ್ಲಿಂದ ಬಂತು ಅನ್ನೋದು ಗೊತ್ತಿರೋ ಮನುಷ್ಯ ಈಗ ನೀವೊಬ್ರೇ."

ಆ ಮಾತು ಸಣ್ಣ ಯಜಮಾನನಿಗೂ ಗೊತ್ತಿತ್ತು. ಮಾರನೆಯ ಮಧ್ಯಾಹ್ನ ನನ್ನ ಮೇಜಿಗೆ ಬಂದ. ಕಕ್ಷಿದಾರರು ಕೂರುವ ಸ್ಟೂಲಿನ ಮೇಲೆ ಕೂತ. ಕಿಸೆಯಿಂದ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗಿನದು ದೊಡ್ಡಪ್ಪನ ಚಿನ್ನದ ಕಡ್ಡಿಯದು.

"ನಿಮ್ಮಲ್ಲೇ ಇರ್ಲಿ. ನಿಮ್ಮ ಮೇಲೆ ಅವ್ರಿಗೆ ಪ್ರೀತಿ."

"ಬಂದ ಕೆಲಸ ಹೇಳು."

"ನಾವೇನೂ ರಾಕ್ಷಸರಲ್ಲ ರೈಟರೇ. ಅಲ್ಲಿ ಹೊಸ ಕಟ್ಟಡ ಏಳುತ್ತೆ. ಕೆಳಗೆ ಅಂಗಡಿಗಳು, ಮೇಲೆ ಟ್ರಸ್ಟ್ ಆಫೀಸು. ಹಿಂದುಗಡೆ ಬಾವಿ ಪಕ್ಕ ಒಂದು ಕೋಣೆ ಹಂಗೇ ಬಿಡ್ತೀವಿ. ನಿಮ್ಮಕ್ಕನಿಗೆ. ಅವ್ರಿರೋವರೆಗೂ ಅವ್ರದೇ. ಬಾವೀನೂ ಮುಚ್ಚಲ್ಲ. ಬರೆದುಕೊಡ್ತೀನಿ ಬೇಕಾದ್ರೆ. ನೀವೇ ಬರೀರಿ, ಸರಿಯಾಗಿ, ನಂಬರು ಗಿಂಬರು ಎಲ್ಲಾ ಹಾಕಿ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನೀವು ಸುಳ್ಳು ಹೇಳ್ಬೇಕಾಗಿಲ್ಲ. ನೆನಪಿಲ್ಲ ಅಂದ್ರೆ ಸಾಕು. ಆರು ವರ್ಷದ ಹಿಂದಿನದು, ದಿನಕ್ಕೆ ಹತ್ತು ಪತ್ರ ಬರೆಯೋರು. ಯಜಮಾನ್ರು ಏನು ಹೇಳಿದ್ರೋ ಅದನ್ನೇ ಬರೆದೆ, ಹೆಸರು ಅವ್ರದೇ, ಅಂದ್ಬಿಡಿ."

"ಉಳಿದ ಹದಿಮೂರು ಜನ?"

"ಅವ್ರು ನಿಮಗೇನಾಗ್ಬೇಕು?" ನಿಜವಾಗಿ ಕೇಳಿದ. ಗೇಲಿ ಇರಲಿಲ್ಲ. "ನಿಮ್ಮ ವಕೀಲಮ್ಮ ಗೆಲ್ತೀರಿ ಅಂದಿರ್ತಾರೆ. ಗೆಲ್ಲಬಹುದು. ಯಾವಾಗ? ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಅದರ ಮೇಲಿನದು. ನನಗೆ ಮೂವತ್ತೆಂಟು ವಯಸ್ಸು. ಕಾಯ್ತೀನಿ. ಅಲ್ಲಿರೋರಲ್ಲಿ ಅತಿ ಚಿಕ್ಕವ್ರು ನಿಮ್ಮಕ್ಕ, ಅಲ್ವಾ? ಗೆದ್ದು ಬಂದ ದಿನ ಆ ಮನೆಗೆ ಕರ್ಕೊಂಡು ಹೋಗೋಕೆ ಯಾರಿರ್ತಾರೆ, ಲೆಕ್ಕ ಹಾಕಿ."

ಅವನು ಎದ್ದು ಹೋದ ಮೇಲೂ ಡಬ್ಬಿ ಅಲ್ಲೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಅದರ ಮುಚ್ಚಳ ಹೊಳೆಯುತ್ತಿತ್ತು. ನನ್ನ ಅಕ್ಕನಿಗೆ ಒಂದು ಕೋಣೆ, ಬಾವಿ, ಆ ಸರಳು. ಸಂಖ್ಯೆ ಸಮೇತ ನಾನೇ ಬರೆಯಬಹುದಾದ ಒಂದು ಪತ್ರ. ಆ ಪತ್ರದ ಮೊದಲ ಸಾಲು ತಲೆಯಲ್ಲಿ ತಾನೇ ತಾನಾಗಿ ಬರೆದುಕೊಂಡಿತು. ಕಸುಬು ಅಂದರೆ ಹಾಗೆ, ಹೇಳದೆ ಕೇಳದೆ ಬೆರಳು ಹೊರಡುತ್ತದೆ. ಅವಳನ್ನು ಆ ಬಾವಿಯಿಂದ ಬೇರೆ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹೇಳಿಕೊಳ್ಳಲೂ ಆಗದವಳು. ಅವಳಿಗೆ ನಾನು ಅಂದರೆ ಒಂದು ಜೊತೆ ಚಪ್ಪಲಿ.

ಸಂಜೆಯವರೆಗೂ ಒಬ್ಬ ಕಕ್ಷಿದಾರನನ್ನೂ ಮಾತಾಡಿಸಲಿಲ್ಲ.

ಕಚೇರಿ ಮುಚ್ಚುವ ಹೊತ್ತಿಗೆ ಕಂಪ್ಯೂಟರ್ ಹಾಕಿದೆ. ವಕೀಲಮ್ಮ ಕೇಳಿದ್ದ ಪ್ರಮಾಣಪತ್ರ. ಬೇರೆಯವರ ಮಾತನ್ನು ಸಾವಿರಾರು ಪುಟ ಬರೆದವನು ನಾನು. ನನ್ನ ಮಾತು ಬರೆಯಲು ಕೈ ಓಡಲಿಲ್ಲ. ಕೊನೆಗೆ ಹೀಗೆ ಬಂತು.

ಆ ಹೆಸರನ್ನು ಬರೆಸಿದವರು ಹೇಳಲಿಲ್ಲ. ಅವರು ಬಾವಿಮನೆ ಎಂದಷ್ಟೇ ಹೇಳಿದರು. ತಮ್ಮ ಮನೆಯಲ್ಲಿ ಆಗ ವಾಸವಿದ್ದ ಹೆಂಗಸರನ್ನು ನೋಡಿಕೊಳ್ಳುತ್ತಿರುವವರಿಗೇ ಅದು ಸೇರಬೇಕೆಂಬುದು ಅವರ ಮಾತು. ಧರ್ಮಾರ್ಥ ಟ್ರಸ್ಟ್ ಎಂಬುದು ನಾನು ವಿಚಾರಿಸದೆ, ಪತ್ರ ನೋಡದೆ, ನನ್ನ ಅಹಂಕಾರದಿಂದ ಸೇರಿಸಿದ್ದು. ಆ ವಿಲ್ಲಿನ ಪ್ರತಿಯನ್ನು ಅವರ ತಮ್ಮನ ಮಗನಿಗೆ, ಅವರನ್ನು ಕೇಳದೆ, ಕೊಟ್ಟವನೂ ನಾನೇ.

ಪ್ರಿಂಟು ತೆಗೆದು ಎರಡು ಸಲ ಓದಿದೆ. ಅಹಂಕಾರ ಅನ್ನುವ ಪದ ಪ್ರಮಾಣಪತ್ರಗಳಲ್ಲಿ ಬರುವುದಿಲ್ಲ. ವಕೀಲಮ್ಮ ಹೊಡೆದುಹಾಕುತ್ತಾಳೆ ಅಂತ ಗೊತ್ತಿತ್ತು. ಬಿಟ್ಟೆ. ಮಾರನೆಯ ಬೆಳಿಗ್ಗೆ ನೋಟರಿಯ ಮುಂದೆ ಸಹಿ ಹಾಕಿದೆ. ಇದು ಪೇಟೆಗೆಲ್ಲ ಗೊತ್ತಾದ ಮೇಲೆ ನನ್ನ ಹತ್ತಿರ ವಿಲ್ ಬರೆಸಲು ಯಾರೂ ಬರುವುದಿಲ್ಲ. ಬರಬಾರದು ಕೂಡ.

ಕನ್ನಡಕದ ಡಬ್ಬಿಯನ್ನು ಜೆರಾಕ್ಸಿನ ಮಹಡಿ ಹತ್ತಿ ಆ ಬೋರ್ಡಿನ ಕೋಣೆಯ ಬಾಗಿಲಲ್ಲಿಟ್ಟೆ. ಬಾಗಿಲಿಗೆ ಬೀಗವಿತ್ತು. ಕಿಟಕಿಯಲ್ಲಿ ಇಣುಕಿದೆ. ಒಳಗೆ ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಬಾವಿಮನೆಯ ಜಾಗದ ನಕ್ಷೆ. ಅದರಲ್ಲಿ ಬಾವಿಯ ಗುರುತಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ. ಒಣಗಿ ಹಳೆಯದಾಗಿತ್ತು. ನಿನ್ನೆ ಮೊನ್ನೆಯದಲ್ಲ.

ಅಲ್ಲಿಂದ ಬಾವಿಮನೆಗೆ ನಡೆದೆ. ಮೂವತ್ತು ದಿನದಲ್ಲಿ ಇನ್ನೂ ಹತ್ತೊಂಬತ್ತು ಉಳಿದಿದ್ದವು. ತಡೆಯಾಜ್ಞೆ ಕೇಳುತ್ತೇನೆ, ಸಿಗಬಹುದು ಅಂದಿದ್ದಳು ವಕೀಲಮ್ಮ. ಸಿಗಬಹುದು ಅನ್ನುವಾಗ ಅವಳು ನನ್ನನ್ನು ನೋಡಿರಲಿಲ್ಲ, ಕಿಟಕಿ ನೋಡಿದ್ದಳು.

ಗೇಟಿನ ಬಳಿ ಏಣಿ ಹಾಕಿಕೊಂಡು ಒಬ್ಬ ಕಾಂಪೌಂಡಿಗೆ ಬಿಳಿ ಬಳಿದು, ಅದರ ಮೇಲೆ ನೀಲಿ ಅಕ್ಷರ ಬರೆಯುತ್ತಿದ್ದ. ಆಳೆತ್ತರದ ಅಕ್ಷರ. ಬಾವಿಮನೆ ಧರ್ಮಾರ್ಥ ಅನ್ನುವವರೆಗೆ ಆಗಿತ್ತು. ದೊಡ್ಡಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು ಅವನಿಗೆ ಬೈಯುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳದೆ ಬ್ರಷ್ಷು ಅದ್ದುತ್ತಿದ್ದ.

"ಯಾರು ಬರೆಯೋಕೆ ಹೇಳಿದ್ದು?" ಅಂದೆ. ನನಗೇ ಆಶ್ಚರ್ಯವಾಗುವಷ್ಟು ಮೆಲ್ಲಗೆ.

"ಓನರು. ಯಾಕಣ್ಣ, ಜಾಗ ತಪ್ಪೇನೂ ಅಲ್ವಲ್ಲ?" ಏಣಿಯ ಮೇಲಿನಿಂದ ಬಗ್ಗಿ ನೋಡಿದ. "ವಿಳಾಸ ಕೇಳಿದ್ದಕ್ಕೆ, ವಿಳಾಸ ಯಾಕೆ, ಬಾವಿಮನೆ ಅಂದ್ರೆ ಎಲ್ರಿಗೂ ಗೊತ್ತು ಅಂದ್ರು."

ಅಕ್ಕ ಗೇಟಿನಿಂದ ಹೊರಗೆ ಬಂದಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ಬಂದದ್ದು. ಗೋಡೆಯ ಹಸಿ ಬಣ್ಣವನ್ನು ನೋಡಿ, ಸರಳನ್ನು ಮುಟ್ಟುವ ಹಾಗೆಯೇ ಬೆರಳು ಚಾಚಿ ಒಂದು ಅಕ್ಷರವನ್ನು ಮುಟ್ಟಿದಳು. ಬೆರಳು ನೀಲಿಯಾಯಿತು. ಅದನ್ನು ನನ್ನ ಕಡೆ ಹಿಡಿದು ನಿಂತಳು. ನಾನು ಅಂಗಿಯ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಏಣಿಯ ಮೇಲಿನವನು ನಾಲಿಗೆ ಲೊಚಗುಟ್ಟಿ, ಅಳಿಸಿಹೋದ ಕಡೆ ಮತ್ತೆ ಬ್ರಷ್ಷಾಡಿಸಿ, ಮುಂದಿನ ಪದಕ್ಕೆ ಹೋದ.